ಕ್ಯಾಪ್ಟನ್ ಗಾಯಗೊಂಡು ಬಿದ್ದರೆ ಯುದ್ಧನೌಕೆ ಯಾರ ಕೈಗೆ ಬರುತ್ತದೆ?

ಕಡಲಕತೆ
ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಬರೆಯುತ್ತಿದ್ದೇನೆ, ಪೂರ್ತಿ ಒಂದು ಯುದ್ಧನೌಕೆಯ ಮೇಲೆ ನಡೆಯುವ ಕತೆ. ದೇಶ ಯಾವುದು ಅಂತ ಹೇಳಿಲ್ಲ, ಕಲ್ಪನೆಯದ್ದು. ಹತ್ತನೇ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ರಾತ್ರಿ ಎರಡು ಗಂಟೆಗೆ ಹಡಗು ನಡೆಸುವ ಮೇಲಿನ ಕೋಣೆಯಾದ ಬ್ರಿಡ್ಜ್‌ಗೆ ಶೆಲ್ ಬಡಿಯುತ್ತದೆ, ಕ್ಯಾಪ್ಟನ್‌ಗೆ ಪ್ರಜ್ಞೆ ಹೋಗುತ್ತದೆ. ಆಗ ಹಡಗಿನಲ್ಲಿ ಉಳಿದವರಲ್ಲಿ ಎಲ್ಲರಿಗಿಂತ ದೊಡ್ಡ ರ‍್ಯಾಂಕ್ ಎಂಜಿನಿಯರ್ ಅಧಿಕಾರಿಯದ್ದು. ಅವನು ಕಮಾಂಡರ್, ತೋಳಿನ ಮೇಲೆ ಮೂರು ಪಟ್ಟಿ. ಕ್ಯಾಪ್ಟನ್‌ನ ಬಲಗೈಯಾದ ಎಕ್ಸಿಕ್ಯುಟಿವ್ ಆಫೀಸರ್‌ನ ರ‍್ಯಾಂಕ್ ಲೆಫ್ಟಿನೆಂಟ್ ಕಮಾಂಡರ್, ಎರಡೂವರೆ ಪಟ್ಟಿ. ನಾನು ಎಂಜಿನಿಯರ್ ಮೇಲೆ ಓಡಿಬಂದು ಹಡಗನ್ನು ಕೈಗೆ ತೆಗೆದುಕೊಳ್ಳುವ ಹಾಗೆ ಬರೆದಿದ್ದೇನೆ. ಓದಿದ ಗೆಳತಿಯೊಬ್ಬಳು ಇದು ತಪ್ಪು ಅಂತಾಳೆ. ಹೌದಾ?

ದಂಡಿನಮನೆ
ತಪ್ಪೇನಿಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರು ಸೇನೆಯಲ್ಲಿದ್ದವರು. ದೊಡ್ಡ ರ‍್ಯಾಂಕ್ ಇದ್ದವನೇ ಮುಂದೆ ಬರುತ್ತಾನೆ, ಅದು ಎಲ್ಲ ಪಡೆಗಳಲ್ಲೂ ಒಂದೇ. ಇನ್ನೊಂದು ಮಾತು, ಕ್ಯಾಪ್ಟನ್ ಅಂದರೆ ಅಷ್ಟು ದೊಡ್ಡ ರ‍್ಯಾಂಕ್ ಅಲ್ಲವಲ್ಲ. ಮೇಜರ್‌ಗಿಂತ ಕೆಳಗೆ. ಅವನ ಕೈಕೆಳಗೆ ಕಮಾಂಡರ್ ಹೇಗೆ ಇರುತ್ತಾನೆ? ಅದನ್ನು ಮೊದಲು ಸರಿ ಮಾಡಿ.

ಹಳೇಲಂಗರು
ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ನೌಕಾಪಡೆಯಲ್ಲಿ ಇಲೆಕ್ಟ್ರಿಕಲ್ ವಿಭಾಗದಲ್ಲಿ ನಾವಿಕನಾಗಿದ್ದವನು ನಾನು. ಮಾಸ್ಟರ್ ಚೀಫ್ ಆಗಿ ನಿವೃತ್ತಿ ಆದೆ. ಕಡಲಕತೆ ಅವರೇ, ನಿಮ್ಮ ಗೆಳತಿ ಹೇಳಿದ್ದು ಸರಿ.

ದಂಡಿನಮನೆ ಸರ್, ಮೊದಲು ಹೆಸರಿನ ಗೊಂದಲ. ಭೂಸೇನೆಯ ಕ್ಯಾಪ್ಟನ್‌ಗೆ ಸಮನಾದವನು ನೌಕಾಪಡೆಯ ಲೆಫ್ಟಿನೆಂಟ್. ನೌಕಾಪಡೆಯ ಕ್ಯಾಪ್ಟನ್ ನಾಲ್ಕು ಪಟ್ಟಿಯವರು, ಅವರು ನಿಮ್ಮ ಕರ್ನಲ್‌ಗೆ ಸಮ. ಆದ್ದರಿಂದ ಕಮಾಂಡರ್ ಅವರ ಕೈಕೆಳಗೆ ಇರುವುದು ಸರಿಯಾಗೇ ಇದೆ. ಹೊಸಬರಿಗೆ ಇನ್ನೂ ಗೋಜಲು ಆಗುವುದು ಎಲ್ಲಿ ಅಂದರೆ, ಕ್ಯಾಪ್ಟನ್ ಅನ್ನುವುದು ರ‍್ಯಾಂಕೂ ಹೌದು, ಕೆಲಸವೂ ಹೌದು. ಸಣ್ಣ ಗಸ್ತು ಹಡಗನ್ನು ಒಬ್ಬ ಲೆಫ್ಟಿನೆಂಟ್ ಕಮಾಂಡರ್ ನಡೆಸುತ್ತಿದ್ದರೂ ಆ ಹಡಗಿನ ಜನರಿಗೆ ಅವರೇ ಕ್ಯಾಪ್ಟನ್. ಬಂದರಿನ ಕಚೇರಿಯಲ್ಲಿ ಕುಳಿತ ನಾಲ್ಕು ಪಟ್ಟಿಯವರು ಆ ಹಡಗಿಗೆ ಬಂದರೂ ಹಡಗು ಅವರ ಮಾತು ಕೇಳಿ ತಿರುಗುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಬ್ರಿಟಿಷ್ ಪದ್ಧತಿಯಿಂದ ಬಂದ ನೌಕಾಪಡೆಗಳಲ್ಲಿ, ಭಾರತದ್ದೂ ಸೇರಿ, ಹಡಗಿನ ಅಧಿಕಾರಿಗಳು ಬೇರೆ ಬೇರೆ ಶಾಖೆಯವರು. ಎಕ್ಸಿಕ್ಯುಟಿವ್ ಶಾಖೆ ಹಡಗು ನಡೆಸುತ್ತದೆ, ಹೋರಾಡುತ್ತದೆ. ಎಂಜಿನಿಯರಿಂಗ್ ಶಾಖೆ ಎಂಜಿನ್, ಪಂಪ್, ಹಡಗಿನ ಮೈ ನೋಡುತ್ತದೆ. ಇಲೆಕ್ಟ್ರಿಕಲ್ ಶಾಖೆ ಕರೆಂಟ್, ರೇಡಾರ್, ಸೋನಾರ್, ಆಯುಧಗಳ ವೈರಿಂಗ್ ನೋಡುತ್ತದೆ. ಹಡಗಿನ ಕಮಾಂಡ್ ಎಕ್ಸಿಕ್ಯುಟಿವ್ ಶಾಖೆಯವರಿಗೆ ಮಾತ್ರ. ಹಾಗಾಗಿ ಕ್ಯಾಪ್ಟನ್ ಬಿದ್ದರೆ ಎರಡೂವರೆ ಪಟ್ಟಿಯ ಎಕ್ಸಿಕ್ಯುಟಿವ್ ಆಫೀಸರ್ ಹಡಗು ತೆಗೆದುಕೊಳ್ಳುತ್ತಾರೆ. ಮೂರು ಪಟ್ಟಿಯ ಎಂಜಿನಿಯರ್ ಅವರಿಗೆ ವರದಿ ಮಾಡುತ್ತಾರೆ. ಅವರು ಸತ್ತರೂ ಎಂಜಿನಿಯರ್‌ಗೆ ಬರುವುದಿಲ್ಲ. ಆ ಶಾಖೆಯಲ್ಲಿ ಮುಂದಿನ ಹಿರಿಯ ಯಾರೋ ಅವರಿಗೆ ಹೋಗುತ್ತದೆ, ಅದು ನ್ಯಾವಿಗೇಟರ್ ಇರಬಹುದು, ಗನ್ನರಿ ಆಫೀಸರ್ ಇರಬಹುದು.

ನೀಲಿಅಂಗಿ
ಸರ್, ನಾನು ಬಿ.ಇ. ಮೆಕ್ಯಾನಿಕಲ್ ಮುಗಿಸಿದ್ದೇನೆ. ಎಂಜಿನಿಯರಿಂಗ್ ಶಾಖೆಗೆ ಸೇರಿದರೆ ಅಡ್ಮಿರಲ್ ಆಗೋಕೆ ಆಗಲ್ವಾ ಹಾಗಾದರೆ? ಎಕ್ಸಿಕ್ಯುಟಿವ್‌ಗೇ ಅರ್ಜಿ ಹಾಕಬೇಕಾ?

ಹಳೇಲಂಗರು
ತಮ್ಮಾ, ಇಲ್ಲಿ ಕೇಳಿದ್ದು ಅದಲ್ಲ, ಆದರೂ ಹೇಳುತ್ತೇನೆ. ಅಡ್ಮಿರಲ್ ಆಗಬಹುದು. ಎಂಜಿನಿಯರಿಂಗ್, ಇಲೆಕ್ಟ್ರಿಕಲ್ ಶಾಖೆಗಳಲ್ಲಿ ರಿಯರ್ ಅಡ್ಮಿರಲ್, ವೈಸ್ ಅಡ್ಮಿರಲ್ ಆದವರು ಇದ್ದಾರೆ. ಹಡಗುಕಟ್ಟೆ ನಡೆಸುವುದು, ಹೊಸ ಹಡಗಿನ ನಿರ್ಮಾಣ ನೋಡಿಕೊಳ್ಳುವುದು ಅವರ ಕೈಯಲ್ಲಿರುತ್ತದೆ. ಸಿಗದೇ ಇರುವುದು ಸಮುದ್ರದಲ್ಲಿ ಹಡಗಿನ ಕಮಾಂಡ್ ಮತ್ತು ಹಡಗುಪಡೆಯ ಕಮಾಂಡ್. ಅದು ನಿಮ್ಮ ಮನಸ್ಸಿಗೆ ಎಷ್ಟು ಮುಖ್ಯ ಅನ್ನುವುದನ್ನು ನೀವೇ ಕೇಳಿಕೊಳ್ಳಬೇಕು.

ಎಣ್ಣೆಕೈ
ನಾನು ಸರಕು ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್. ನಮ್ಮಲ್ಲೂ ಇದೇ. ಚೀಫ್ ಎಂಜಿನಿಯರ್‌ಗೆ ನಾಲ್ಕು ಪಟ್ಟಿ, ಮಾಸ್ಟರ್‌ಗೂ ನಾಲ್ಕು. ಚೀಫ್ ಆಫೀಸರ್‌ಗೆ ಮೂರೇ. ಆದರೂ ಮಾಸ್ಟರ್‌ಗೆ ಏನಾದರೂ ಆದರೆ ಹಡಗು ಬರುವುದು ಚೀಫ್ ಆಫೀಸರ್‌ಗೆ, ಅಂತಾರಾಷ್ಟ್ರೀಯ ನಿಯಮದಲ್ಲೇ ಹಾಗಿದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ, ಕತೆಗೆ ಬೇಕಾದರೆ ಬಳಸಿಕೊಳ್ಳಿ. ಒಂದು ಬೆಳಗಿನ ಜಾವ ಮುಖ್ಯ ಎಂಜಿನ್‌ನ ಲ್ಯೂಬ್ ಆಯಿಲ್ ಒತ್ತಡ ನಿಧಾನಕ್ಕೆ ಇಳಿಯತೊಡಗಿತು. 4 ಬಾರ್ ಇರುತ್ತಿದ್ದದ್ದು 3ರ ಹತ್ತಿರ ಬಂತು. ಇನ್ನೂ ಇಳಿದರೆ ಎಂಜಿನ್ ತಾನಾಗಿಯೇ ನಿಲ್ಲುತ್ತದೆ. ನನಗೆ ಕೂಡಲೇ ನಿಲ್ಲಿಸಬೇಕು ಅನ್ನಿಸಿತು, ಯಾಕೆಂದರೆ ಎಣ್ಣೆಯಿಲ್ಲದೆ ಬೇರಿಂಗ್ ಉರಿದುಹೋದರೆ ವಾರಗಟ್ಟಲೆ ಕೆಲಸ. ಆದರೆ ಬ್ರಿಡ್ಜ್‌ಗೆ ಫೋನ್ ಮಾಡಿದೆ. ಮೇಲೆ ಇದ್ದವನು ನನಗಿಂತ ಚಿಕ್ಕವನು, ಥರ್ಡ್ ಆಫೀಸರ್. ಅವನು ಹೇಳಿದ, ಕಿರಿದಾದ ಕಾಲುವೆ, ಬಲಗಡೆಯಿಂದ ಒಂದು ಹಡಗು ಬರುತ್ತಿದೆ, ಹತ್ತು ನಿಮಿಷ ಕೊಡಿ. ಕೊಟ್ಟೆ. ವೇಗ ಇಳಿಸಿಕೊಂಡು ಸ್ಟ್ಯಾಂಡ್‌ಬೈ ಪಂಪ್ ಹಾಕಿದೆವು, ವ್ಯತ್ಯಾಸ ಆಗಲಿಲ್ಲ. ಆಮೇಲೆ ಫಿಲ್ಟರ್‌ನ ಎರಡೂ ಕಡೆಯ ಗೇಜ್ ನೋಡಿದೆ. ಫಿಲ್ಟರ್‌ಗೆ ಮುಂಚೆ ಒತ್ತಡ ಚೆನ್ನಾಗಿದೆ, ದಾಟಿದ ಮೇಲೆ ಕಡಿಮೆ. ಎರಡೂ ಕಡೆ ಕಡಿಮೆ ಇದ್ದಿದ್ದರೆ ಪಂಪ್‌ನದ್ದೋ ಎಣ್ಣೆ ಮಟ್ಟದ್ದೋ ತೊಂದರೆ. ಇದು ಫಿಲ್ಟರ್ ಕಟ್ಟಿದ್ದು. ಪಕ್ಕದ ಫಿಲ್ಟರ್‌ಗೆ ತಿರುಗಿಸಿದ ಕೂಡಲೇ ಒತ್ತಡ ಮೇಲೆ ಬಂತು. ಅಷ್ಟರಲ್ಲಿ ಆ ಹಡಗೂ ದಾಟಿಹೋಗಿತ್ತು.

ನಾನು ಸುಮ್ನೆ ನಿಲ್ಲಿಸಿಬಿಟ್ಟಿದ್ದರೆ ಎಂಜಿನ್ ಉಳಿಯುತ್ತಿತ್ತು, ಹಡಗು ಇನ್ನೊಂದಕ್ಕೆ ಗುದ್ದುತ್ತಿತ್ತು. ಕೆಳಗೆ ಇದ್ದವನಿಗೆ ಹೊರಗೆ ಏನಿದೆ ಅಂತ ಕಾಣುವುದಿಲ್ಲ. ಅದಕ್ಕೇ ಆ ಅಧಿಕಾರ ಮೇಲಿದ್ದವನಿಗೆ, ಅವನು ಎಷ್ಟೇ ಚಿಕ್ಕವನಾಗಿರಲಿ.

ಹಳೇಲಂಗರು
ಎಣ್ಣೆಕೈ ಅವರೇ, ಇದನ್ನೇ ನಾನು ಹೇಳಬೇಕು ಅಂತಿದ್ದೆ. ಯುದ್ಧನೌಕೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಹೋರಾಟದ ನಡುವೆ ಎಂಜಿನಿಯರ್ "ಈ ಟರ್ಬೈನ್ ನಿಲ್ಲಿಸದೇ ಇದ್ದರೆ ಹಾಳಾಗುತ್ತದೆ" ಅಂದರೂ ಕ್ಯಾಪ್ಟನ್ "ಹಾಳಾಗಲಿ, ನಡೆಸಿ" ಅನ್ನಬಹುದು. ತಾನಾಗಿ ನಿಲ್ಲಿಸುವ ರಕ್ಷಣೆಯನ್ನು ದಾಟಿ ನಡೆಸುವ ಸ್ವಿಚ್ಚೇ ಇರುತ್ತದೆ. ಕ್ಷಿಪಣಿ ಬರುತ್ತಿರುವಾಗ ಟರ್ಬೈನ್ ಉಳಿಸಿಕೊಂಡು ಏನು ಮಾಡುವುದು? ಆದರೆ ಆ ತೀರ್ಮಾನ ಕ್ಯಾಪ್ಟನ್‌ದು, ಎಂಜಿನ್ ಎಷ್ಟು ಹೊತ್ತು ತಡೆಯುತ್ತದೆ ಅನ್ನುವ ಸತ್ಯ ಎಂಜಿನಿಯರ್‌ದು. ಎರಡೂ ಬೇಕು.

ಕಡಲಕತೆ ಅವರೇ, ನಿಮ್ಮ ಹಡಗಿನ ಲೆಕ್ಕವನ್ನು ಸ್ವಲ್ಪ ಬದಲಾಯಿಸಿ. ನಾಲ್ಕು ಪಟ್ಟಿಯ ಕ್ಯಾಪ್ಟನ್ ಇರುವ ಹಡಗಿನಲ್ಲಿ ಎಕ್ಸಿಕ್ಯುಟಿವ್ ಆಫೀಸರ್ ಸಾಮಾನ್ಯವಾಗಿ ಕಮಾಂಡರೇ ಇರುತ್ತಾರೆ. ಎಂಜಿನಿಯರ್ ಕೂಡ ಕಮಾಂಡರ್, ಆದರೆ ಅವರಿಗಿಂತ ಮೂರು ವರ್ಷ ಮುಂಚೆ ಆ ರ‍್ಯಾಂಕ್‌ಗೆ ಬಂದವರು ಅಂತ ಮಾಡಿ. ಒಂದೇ ರ‍್ಯಾಂಕ್‌ನವರಲ್ಲಿ ಬಡ್ತಿಯ ತಾರೀಕು ಮುಂಚೆ ಇದ್ದವರೇ ಹಿರಿಯರು. ಆಗ ಹಿರಿಯರು ಕಿರಿಯರಿಗೆ ಹಡಗು ಬಿಟ್ಟುಕೊಡುವ ನಿಮ್ಮ ಇಕ್ಕಟ್ಟೂ ಉಳಿಯುತ್ತದೆ, ಓದುವ ನೌಕಾಪಡೆಯವರಿಗೂ ಕಿರಿಕಿರಿ ಆಗುವುದಿಲ್ಲ.

ದಂಡಿನಮನೆ
ಲೆಫ್ಟಿನೆಂಟ್, ಕ್ಯಾಪ್ಟನ್ ವಿಷಯ ಒಪ್ಪಿಕೊಂಡೆ, ನನ್ನದು ತಪ್ಪು. ಆದರೆ ಹಿರಿಯ ಅಧಿಕಾರಿ ಅಲ್ಲೇ ಇದ್ದೂ ಕಿರಿಯನಿಗೆ ಹಡಗು ಕೊಡುವುದು ನನಗೆ ಇನ್ನೂ ಒಗ್ಗುತ್ತಿಲ್ಲ. ನಿಜವಾಗಿ ಯುದ್ಧದಲ್ಲಿ ಹೀಗೆ ನಡೆದದ್ದು ಇದೆಯಾ, ಅಥವಾ ಬರೀ ಪುಸ್ತಕದ ನಿಯಮವಾ?

ಹಳೆಪುಟ
ನಡೆದಿದೆ. ಅದೂ ನಿಯಮಕ್ಕಿಂತ ವಿಚಿತ್ರವಾಗಿ ನಡೆದಿದೆ. ನನಗೆ ಎರಡನೇ ಮಹಾಯುದ್ಧದ ನೌಕಾ ಇತಿಹಾಸದ ಹುಚ್ಚು, ಸ್ವಲ್ಪ ಉದ್ದ ಆಗುತ್ತದೆ, ಓದಿ.

1942ರ ನವೆಂಬರ್ 13ರ ನಡುರಾತ್ರಿ ಕಳೆದ ಹೊತ್ತು, ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದ ಹತ್ತಿರ ಅಮೆರಿಕ ಮತ್ತು ಜಪಾನ್ ಹಡಗುಗಳು ಕತ್ತಲಲ್ಲಿ ತೀರಾ ಹತ್ತಿರದಿಂದ ಹೊಡೆದಾಡಿದವು. ಅಮೆರಿಕದ ಕ್ರೂಸರ್ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಬ್ಬರು ದೊಡ್ಡ ಅಧಿಕಾರಿಗಳಿದ್ದರು. ರಿಯರ್ ಅಡ್ಮಿರಲ್ ಡೇನಿಯಲ್ ಕ್ಯಾಲಹನ್ ಇಡೀ ಹಡಗುಪಡೆ ನಡೆಸುತ್ತಿದ್ದರು. ಕ್ಯಾಪ್ಟನ್ ಕ್ಯಾಸಿನ್ ಯಂಗ್ ಈ ಒಂದು ಹಡಗು ನಡೆಸುತ್ತಿದ್ದರು. ಕ್ಯಾಲಹನ್ ಹಿಂದೆ ಇದೇ ಹಡಗಿನ ಕ್ಯಾಪ್ಟನ್ ಆಗಿದ್ದವರು. ಹಡಗಿನ ಮೂಲೆಮೂಲೆ ಗೊತ್ತಿತ್ತು. ಆದರೂ ಅಡ್ಮಿರಲ್ ಆದ ಮೇಲೆ ಅದರ ಚುಕ್ಕಾಣಿಗೆ ಆದೇಶ ಕೊಡುವುದು ಅವರ ಕೆಲಸವಲ್ಲ, ಯಂಗ್ ಅವರ ಕೆಲಸ.

ಬ್ರಿಡ್ಜ್‌ಗೆ ನೇರ ಹೊಡೆತ ಬಿತ್ತು. ಇಬ್ಬರೂ ಹೋದರು. ಹಡಗಿನ ಎಕ್ಸಿಕ್ಯುಟಿವ್ ಆಫೀಸರ್ ಹಿಂದಿನ ದಿನವೇ ಗಾಯಗೊಂಡಿದ್ದರು, ಅವರೂ ಆ ರಾತ್ರಿ ಉಳಿಯಲಿಲ್ಲ. ಬ್ರಿಡ್ಜ್‌ನಲ್ಲಿ ನಿಂತು ಕೆಲಸ ಮಾಡಬಲ್ಲ ಸ್ಥಿತಿಯಲ್ಲಿ ಉಳಿದ ಅಧಿಕಾರಿ ಒಬ್ಬರೇ, ಸಂಪರ್ಕ ವಿಭಾಗದ ಲೆಫ್ಟಿನೆಂಟ್ ಕಮಾಂಡರ್ ಬ್ರೂಸ್ ಮೆಕ್ಯಾಂಡ್ಲೆಸ್. ಬದುಕಿದ್ದವರಲ್ಲಿ ಹಿರಿಯರು ಬೇರೆ, ಲೆಫ್ಟಿನೆಂಟ್ ಕಮಾಂಡರ್ ಹರ್ಬರ್ಟ್ ಶಾನ್‌ಲ್ಯಾಂಡ್. ರ‍್ಯಾಂಕ್ ಒಂದೇ, ಹಿರಿತನ ಅವರದ್ದು. ಅವರು ಹೊಡೆತ ಬಿದ್ದಾಗ ಬೆಂಕಿ, ನೀರು ತಡೆಯುವ ಡ್ಯಾಮೇಜ್ ಕಂಟ್ರೋಲ್ ಕೆಲಸದ ಅಧಿಕಾರಿ, ಕೆಳಗೆ ಸೊಂಟದ ಮಟ್ಟದ ನೀರಿನಲ್ಲಿ ಕೈದೀಪ ಹಿಡಿದು ನಿಂತಿದ್ದರು.

ಕಮಾಂಡ್ ಈಗ ಅವರದ್ದು. ಮೇಲೆ ಬರಬೇಕು. ಅವರು ಬರಲಿಲ್ಲ! ಮೆಕ್ಯಾಂಡ್ಲೆಸ್‌ಗೆ ನೀವೇ ಹಡಗು ನಡೆಸುತ್ತಿರಿ ಅಂತ ಹೇಳಿ ಕಳುಹಿಸಿ ನೀರಿನ ಕೆಲಸ ಮುಂದುವರಿಸಿದರು.

ಕಡಲಕತೆ
ಅಯ್ಯೋ, ಇದು ನನ್ನ ಅಧ್ಯಾಯಕ್ಕಿಂತ ಚೆನ್ನಾಗಿದೆ. ಆದರೆ ಯಾಕೆ ಬರಲಿಲ್ಲ? ಹಡಗಿನ ಹೊಣೆ ಅವರದ್ದೇ ಆಗಿತ್ತಲ್ಲ?

ಹಳೆಪುಟ
ಆಗಿತ್ತು, ಕೊನೆವರೆಗೂ ಇತ್ತು. ಕಮಾಂಡ್ ಬೇರೆ, ಆ ಕ್ಷಣಕ್ಕೆ ಚುಕ್ಕಾಣಿ, ಎಂಜಿನ್‌ಗೆ ಆದೇಶ ಕೊಡುವ ಅಧಿಕಾರ ಬೇರೆ. ಎರಡನೆಯದಕ್ಕೆ ನೌಕಾಪಡೆಯವರು ಕಾನ್ ಅನ್ನುತ್ತಾರೆ. ಶಾಂತಿಯ ದಿನಗಳಲ್ಲೂ ಕ್ಯಾಪ್ಟನ್ ಮಲಗಿರುವಾಗ ಆ ಹೊತ್ತಿನ ಪಾಳಿಯ ಲೆಫ್ಟಿನೆಂಟ್ ಹತ್ತಿರ ಅದು ಇರುತ್ತದೆ. ಶಾನ್‌ಲ್ಯಾಂಡ್ ಮಾಡಿದ್ದು ಅಷ್ಟೇ, ಕಮಾಂಡ್ ತನ್ನದಾಗಿ ಇಟ್ಟುಕೊಂಡು ಕಾನ್ ಕಿರಿಯರಿಗೆ ಬಿಟ್ಟರು.

ಕಾರಣ ನೀರು. ಹಡಗಿಗೆ 45 ಹೊಡೆತ ಬಿದ್ದಿದ್ದವು, 22 ಕಡೆ ಬೆಂಕಿ. ನೀರುಮಟ್ಟದ ಕೆಳಗೆ ಒಂದೂ ಹೊಡೆತ ಇರಲಿಲ್ಲ, ಆದರೂ ಮೇಲಿನ ತೂತುಗಳಿಂದ ಬಂದ ನೀರು, ಬೆಂಕಿ ಆರಿಸಲು ಸುರಿದ ನೀರು ಡೆಕ್ ಮೇಲೆ ನಿಂತಿತ್ತು. ತಳದಲ್ಲಿ ತುಂಬಿದ ನೀರಿಗಿಂತ ಅಗಲವಾದ ಡೆಕ್ ಮೇಲೆ ಅರ್ಧಂಬರ್ಧ ನಿಂತ ನೀರು ಹೆಚ್ಚು ಅಪಾಯ. ಹಡಗು ಒಂದು ಕಡೆ ವಾಲಿದರೆ ನೀರೆಲ್ಲ ಅದೇ ಕಡೆಗೆ ಓಡುತ್ತದೆ, ವಾಲುವುದು ಇನ್ನೂ ಜಾಸ್ತಿ ಆಗುತ್ತದೆ. ತಟ್ಟೆಯಲ್ಲಿ ನೀರು ಹಿಡಿದು ನಡೆದವರಿಗೆ ಇದು ಗೊತ್ತು. ಹಡಗು ಅತ್ತಿತ್ತ ತಿರುಗುವಾಗಲೇ ಇದು ಕಾಡುವುದು. ಹಾಗಾಗಿ ಮೇಲೆ ಮೆಕ್ಯಾಂಡ್ಲೆಸ್ ಚುಕ್ಕಾಣಿ ತಿರುಗಿಸಬೇಕಾದರೆ ಕೆಳಗೆ ಈ ನೀರು ಹೋಗಲೇಬೇಕಿತ್ತು. ಶಾನ್‌ಲ್ಯಾಂಡ್ ಮತ್ತು ಅವರ ಜನ ನೀರನ್ನು ಹರಿಸಿ, ಪಂಪ್ ಮಾಡಿ ಹೊರಹಾಕುವ ತನಕ ಬಿಡಲಿಲ್ಲ. ಮೇಲೆ ಚುಕ್ಕಾಣಿಯ ನಿಯಂತ್ರಣವೂ ಒಂದು ಜಾಗದಿಂದ ಇನ್ನೊಂದಕ್ಕೆ ಓಡುತ್ತಿತ್ತು. ಬ್ರಿಡ್ಜ್ ಹೋಯಿತು, ಹಿಂದಿನ ಎರಡನೇ ನಿಯಂತ್ರಣ ಕೇಂದ್ರವೂ ಹೋಯಿತು, ಆಮೇಲೆ ದಪ್ಪ ಉಕ್ಕಿನ ಕವಚದ ಕಾನಿಂಗ್ ಟವರ್‌ನಿಂದ ನಡೆಸಿದರು.

ಇಬ್ಬರಿಗೂ ಅಮೆರಿಕದ ಅತಿ ದೊಡ್ಡ ಪದಕ ಮೆಡಲ್ ಆಫ್ ಆನರ್ ಸಿಕ್ಕಿತು. ಅದೇ ಹಡಗಿನ ನಾವಿಕ, ಬೋಟ್ಸನ್ಸ್ ಮೇಟ್ ರೀನ್‌ಹಾರ್ಟ್ ಕೆಪ್ಲರ್‌ಗೂ ಸಿಕ್ಕಿತು, ಅವರು ಆ ಹೋರಾಟದಲ್ಲಿ ಆದ ಗಾಯದಿಂದ ತೀರಿಕೊಂಡ ಮೇಲೆ. ಅಧಿಕಾರಿಯಲ್ಲ ಅವರು. ಬೆಂಕಿ ಆರಿಸಿದವರು.

ಎಣ್ಣೆಕೈ
ಹಳೆಪುಟ ಅವರೇ, ಒಂದು ಅನುಮಾನ. ಡ್ಯಾಮೇಜ್ ಕಂಟ್ರೋಲ್ ಅಂದರೆ ಎಂಜಿನಿಯರಿಂಗ್ ಕಡೆಯ ಕೆಲಸವೇ ಅಲ್ವಾ? ಹಾಗಾದರೆ ಶಾನ್‌ಲ್ಯಾಂಡ್‌ಗೆ ಕಮಾಂಡ್ ಹೇಗೆ ಬಂತು? ಲಂಗರು ಸರ್ ಹೇಳಿದ್ದಕ್ಕೆ ಇದು ಉಲ್ಟಾ ಆಯ್ತಲ್ಲ.

ಹಳೆಪುಟ
ಒಳ್ಳೆಯ ಪ್ರಶ್ನೆ. ಅಮೆರಿಕದ ಪದ್ಧತಿ ಬೇರೆ. ಅಲ್ಲಿ 1899ರಲ್ಲಿ ಕಾನೂನು ಮಾಡಿ ಪ್ರತ್ಯೇಕ ಎಂಜಿನಿಯರ್ ಶಾಖೆಯನ್ನು ಹಡಗು ನಡೆಸುವ ಲೈನ್ ಅಧಿಕಾರಿಗಳ ಜೊತೆ ಸೇರಿಸಿಬಿಟ್ಟರು. ಇವತ್ತೂ ಅಮೆರಿಕದ ಡೆಸ್ಟ್ರಾಯರ್‌ನ ಚೀಫ್ ಎಂಜಿನಿಯರ್ ಸಾಮಾನ್ಯವಾಗಿ ಲೈನ್ ಅಧಿಕಾರಿಯೇ. ಇವತ್ತು ಎಂಜಿನ್ ವಿಭಾಗ, ನಾಳೆ ಆಯುಧ ವಿಭಾಗ, ಮುಂದೆ ಅವರೇ ಕ್ಯಾಪ್ಟನ್. ಅಲ್ಲಿ ಕಮಾಂಡ್ ಸಿಗದೇ ಇರುವುದು ವೈದ್ಯರು, ಸಪ್ಲೈ ಅಧಿಕಾರಿ ಇಂಥವರಿಗೆ. ಆದ್ದರಿಂದ ಕಡಲಕತೆ ಅವರು ತಮ್ಮ ಕಲ್ಪನೆಯ ನೌಕಾಪಡೆ ಯಾವ ಪದ್ಧತಿಯದ್ದು ಅಂತ ಮೊದಲು ತೀರ್ಮಾನ ಮಾಡಬೇಕು. ಅಮೆರಿಕದ ಥರ ಆದರೆ ಎಂಜಿನಿಯರ್ ಮೇಲೆ ಓಡಿಬರುವುದು ಸುಳ್ಳೇನಲ್ಲ, ಎಕ್ಸಿಕ್ಯುಟಿವ್ ಆಫೀಸರ್ ಇಲ್ಲದಿದ್ದರೆ.

ಹಳೇಲಂಗರು
ನನಗೆ ಆ ಪದ್ಧತಿ ಇಷ್ಟವಾಗುವುದಿಲ್ಲ. ಎರಡು ವರ್ಷ ಎಂಜಿನ್ ನೋಡಿ ಹೋಗುವವರಿಗೆ ಆ ಯಂತ್ರದ ಸದ್ದಿನಲ್ಲಿ ಏನು ಬದಲಾಗಿದೆ ಅಂತ ಗೊತ್ತಾಗಲು ಕಷ್ಟ. ಎಣ್ಣೆಕೈ ಅವರ ಫಿಲ್ಟರ್ ಕತೆ ನೋಡಿ, ಅದು ವರ್ಷಗಳ ಕೆಲಸದಿಂದ ಬಂದ ತಿಳಿವು.

ಹಳೆಪುಟ
ಒಪ್ಪುವುದಿಲ್ಲ ಸರ್. ಎಂಜಿನ್ ಏನು ಮಾಡಬಲ್ಲದು ಅಂತ ಕೈಯಾರೆ ತಿಳಿದ ಕ್ಯಾಪ್ಟನ್ ಬ್ರಿಡ್ಜ್‌ನಲ್ಲಿ ಬೇರೆ ಥರ ಯೋಚಿಸುತ್ತಾರೆ. ಸದ್ದು ಕೇಳಿ ಹೇಳಲು ಅಲ್ಲಿ ಚೀಫ್ ಪೆಟ್ಟಿ ಆಫೀಸರ್‌ಗಳು ಇದ್ದಾರಲ್ಲ.

ಹಳೇಲಂಗರು
ಅದು ನಿಜ. ಅದನ್ನು ನಾನು ಅಲ್ಲಗಳೆದರೆ ನನ್ನ ಕೆಲಸವನ್ನೇ ಅಲ್ಲಗಳೆದ ಹಾಗೆ. ಆದರೂ ನನ್ನ ಮಾತು ನನ್ನದು.

ಚೀಫ್ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಿಮ್ಮ ಕತೆಯಲ್ಲಿ ಬರೀ ಅಧಿಕಾರಿಗಳೇ ಓಡಾಡುತ್ತಿರಬೇಕು ಅಂತ ನನ್ನ ಅಂದಾಜು. ಹಡಗಿನಲ್ಲಿ ಹೆಚ್ಚಿನವರು ನಾವಿಕರು. ಹೊಸದಾಗಿ ಬಂದ ಸೀಮನ್ ಹಗ್ಗ ಹಿಡಿಯುತ್ತಾನೆ, ಬಣ್ಣ ಬಳಿಯುತ್ತಾನೆ, ದುರ್ಬೀನು ಹಿಡಿದು ಕಾವಲು ನಿಲ್ಲುತ್ತಾನೆ. ಲೀಡಿಂಗ್ ಸೀಮನ್ ಆದ ಮೇಲೆ ನಾಲ್ಕೈದು ಜನರ ಹೊಣೆ. ಪೆಟ್ಟಿ ಆಫೀಸರ್ ಒಂದು ಜಾಗದ, ಒಂದು ಯಂತ್ರದ ಹೊಣೆ ಹೊರುತ್ತಾನೆ. ಚೀಫ್ ಮತ್ತು ಮಾಸ್ಟರ್ ಚೀಫ್ ಇಡೀ ವಿಭಾಗದ ನೆನಪು ಇದ್ದ ಹಾಗೆ. ಅಧಿಕಾರಿಗಳು ವರ್ಗವಾಗುತ್ತಾರೆ, ಯಾವ ವಾಲ್ವ್ ಬಿಗಿ, ಯಾವ ಸ್ವಿಚ್‌ಬೋರ್ಡ್ ಬಿಸಿಯಾಗುತ್ತದೆ ಅನ್ನುವುದು ಚೀಫ್‌ಗೆ ಗೊತ್ತಿರುತ್ತದೆ. ಇಪ್ಪತ್ತಮೂರು ವರ್ಷದ ಸಬ್ ಲೆಫ್ಟಿನೆಂಟ್ ನನಗಿಂತ ಮೇಲಿನವರು, ನಾನು ಸಲ್ಯೂಟ್ ಮಾಡುತ್ತೇನೆ. "ಸರ್, ಈ ಬ್ರೇಕರ್ ಈಗ ಹಾಕೋದು ಬೇಡ, ಕೇಬಲ್ ಒದ್ದೆ ಇರಬಹುದು, ಮೊದಲು ಇನ್ಸುಲೇಷನ್ ನೋಡೋಣ" ಅಂದರೆ ಬುದ್ಧಿವಂತ ಸಬ್ ಲೆಫ್ಟಿನೆಂಟ್ ಒಂದು ನಿಮಿಷ ನಿಲ್ಲುತ್ತಾರೆ.

ಡ್ಯಾಮೇಜ್ ಕಂಟ್ರೋಲ್ ಹೊತ್ತಿನಲ್ಲಿ ವಿಭಾಗದ ಗೋಡೆ ಕೂಡ ಇರುವುದಿಲ್ಲ. ಬೆಂಕಿ ತಂಡದಲ್ಲಿ ಅಡುಗೆಯವನು, ಸ್ಟೋರ್ ನೋಡುವವನು, ರೇಡಾರ್‌ನವನು ಎಲ್ಲರೂ ಪೈಪ್ ಹಿಡಿಯುತ್ತಾರೆ. ಗಾಯಾಳುಗಳನ್ನು ಹೊತ್ತು ತರುವವರೂ ಅವರೇ.

ದಂಡಿನಮನೆ
ಸ್ಯಾನ್ ಫ್ರಾನ್ಸಿಸ್ಕೋ ಅಡ್ಮಿರಲ್ ಸತ್ತರು ಅಂದಿರಿ. ಹಾಗಾದರೆ ಹಡಗುಪಡೆ ಪೂರ್ತಿ ಮೆಕ್ಯಾಂಡ್ಲೆಸ್ ಕೈಗೆ ಬಂತಾ? ಅಡ್ಮಿರಲ್ ಹಡಗು ಅದೇ ಆಗಿತ್ತಲ್ಲ.

ಹಳೆಪುಟ
ಇಲ್ಲ, ಇದೇ ಎರಡು ಏಣಿ ಇರುವುದಕ್ಕೆ ಸಾಕ್ಷಿ. ಹಡಗಿನ ಒಳಗಿನ ಉತ್ತರಾಧಿಕಾರ ಒಂದು, ಹಡಗುಪಡೆಯದ್ದು ಇನ್ನೊಂದು. ಆ ರಾತ್ರಿ ಅಲ್ಲಿದ್ದ ಇನ್ನೊಬ್ಬ ರಿಯರ್ ಅಡ್ಮಿರಲ್ ನಾರ್ಮನ್ ಸ್ಕಾಟ್ ಕೂಡ ಅಟ್ಲಾಂಟಾ ಹಡಗಿನ ಮೇಲೆ ತೀರಿಹೋಗಿದ್ದರು. ಉಳಿದವರಲ್ಲಿ ಹಿರಿಯರು ಹೆಲೆನಾ ಹಡಗಿನ ಕ್ಯಾಪ್ಟನ್ ಗಿಲ್ಬರ್ಟ್ ಹೂವರ್. ಅಡ್ಮಿರಲ್ ಕೆಲಸ ಅವರ ತಲೆಗೆ ಬಂತು. ರ‍್ಯಾಂಕ್ ಕ್ಯಾಪ್ಟನ್ನೇ, ಕೆಲಸ ಹಡಗುಪಡೆಯದ್ದು.

ಬೆಳಿಗ್ಗೆ ಅವರು ಒಡೆದ ಹಡಗುಗಳನ್ನು ಕರೆದುಕೊಂಡು ಹೋಗುತ್ತಿದ್ದಾಗ ಜಪಾನಿನ ಜಲಾಂತರ್ಗಾಮಿ ಜುನೋ ಹಡಗಿಗೆ ಟಾರ್ಪಿಡೊ ಹೊಡೆಯಿತು. ಕಣ್ಣಮುಂದೆ ಸಿಡಿದುಹೋಯಿತು. ಹೂವರ್ ನಿಲ್ಲಲಿಲ್ಲ. ನಿಂತರೆ ಇನ್ನೊಂದು ಹಡಗು ಹೋಗುತ್ತದೆ ಅನ್ನುವ ಲೆಕ್ಕ. ಯಾರೂ ಬದುಕಿರಲಾರರು ಅಂದುಕೊಂಡಿದ್ದರು, ಆದರೆ ಸುಮಾರು ನೂರು ಜನ ನೀರಿನಲ್ಲಿದ್ದರು. ದಿನಗಟ್ಟಲೆ ತೇಲಿ ಕೊನೆಗೆ ಉಳಿದವರು 10 ಜನ. ಅವರೆಲ್ಲರ ಮೇಲಧಿಕಾರಿ ಅಡ್ಮಿರಲ್ ಹಾಲ್ಸಿ ಹೂವರ್‌ರನ್ನು ಕಮಾಂಡ್‌ನಿಂದ ತೆಗೆದರು, ಮುಂದೆ ಆ ತೀರ್ಮಾನ ತಪ್ಪಾಗಿತ್ತು ಅಂತ ಹಾಲ್ಸಿಯೇ ಹೇಳಿದರು.

ದಂಡಿನಮನೆ
ನಿಲ್ಲಬೇಕಿತ್ತು. ಕನಿಷ್ಠ ಒಂದು ಡೆಸ್ಟ್ರಾಯರ್ ಬಿಟ್ಟು ಹೋಗಬೇಕಿತ್ತು.

ಎಣ್ಣೆಕೈ
ಒಂದು ಡೆಸ್ಟ್ರಾಯರ್ ಬಿಟ್ಟರೆ ಉಳಿದವನ್ನು ಯಾರು ಕಾಯುವುದು? ಅವೆಲ್ಲ ಮೊದಲೇ ಒಡೆದ ಹಡಗುಗಳು. ನಾನಾದರೆ ಏನು ಮಾಡುತ್ತಿದ್ದೆ ಅಂತ ಹೇಳಲಾರೆ.

ಕಡಲಕತೆ
ನಾನು ಅಧ್ಯಾಯ ಮತ್ತೆ ಬರೆದೆ. ಬ್ರಿಟಿಷ್ ಥರದ ಪದ್ಧತಿಯನ್ನೇ ಇಟ್ಟುಕೊಂಡೆ. ಎಂಜಿನಿಯರ್ ಈಗ ಮೇಲೆ ಬರುವುದಿಲ್ಲ. ಎಕ್ಸಿಕ್ಯುಟಿವ್ ಆಫೀಸರ್ ಬ್ರಿಡ್ಜ್‌ಗೆ ಬಂದು ಹಡಗು ತೆಗೆದುಕೊಂಡು ಕೆಳಗೆ ಫೋನ್ ಮಾಡುತ್ತಾಳೆ (ಹೌದು, ಅವಳು ಮಾಡಿದೆ). ಎಂಜಿನಿಯರ್ ಅವಳಿಗಿಂತ ಹಿರಿಯ, ಆದರೂ "ಎಷ್ಟು ವೇಗ ಕೊಡಬಲ್ಲಿರಿ" ಅನ್ನುವ ಅವಳ ಪ್ರಶ್ನೆಗೆ ಸುಳ್ಳು ಭರವಸೆ ಕೊಡದೆ "ಹದಿನೈದು ನಾಟ್, ಅದೂ ಇಪ್ಪತ್ತು ನಿಮಿಷ" ಅನ್ನುತ್ತಾನೆ. ಒಂದೇ ಒಂದು ಉಳಿದಿದೆ. ಅವಳು ಕಮಾಂಡ್ ತೆಗೆದುಕೊಂಡದ್ದು ಉಳಿದವರಿಗೆ ಗೊತ್ತಾಗುವುದು ಹೇಗೆ? ಏನಾದರೂ ವಿಧಿ ಇದೆಯಾ?

ಹಳೇಲಂಗರು
ವಿಧಿ ಏನಿಲ್ಲ, ಗಟ್ಟಿಯಾಗಿ ಹೇಳುವುದೇ. ಬ್ರಿಡ್ಜ್‌ನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹಡಗು ನನ್ನ ಕೈಯಲ್ಲಿದೆ ಅಂತ ಹೇಳಬೇಕು. ಚುಕ್ಕಾಣಿ ಹಿಡಿದ ನಾವಿಕ ಅದನ್ನು ಕೇಳಿ ಈಗಿನ ದಿಕ್ಕು, ವೇಗ ಗಟ್ಟಿಯಾಗಿ ಒಪ್ಪಿಸಬೇಕು. ಇಲ್ಲದಿದ್ದರೆ ಇಬ್ಬರು ಆದೇಶ ಕೊಡುತ್ತಾರೆ, ಚುಕ್ಕಾಣಿಯವನು ಯಾರ ಮಾತು ಕೇಳಬೇಕು? ಆಮೇಲೆ ಫೋನ್‌ನಲ್ಲಿ ಎಂಜಿನ್ ನಿಯಂತ್ರಣ ಕೊಠಡಿ, ಆಪರೇಷನ್ಸ್ ರೂಮ್, ಡ್ಯಾಮೇಜ್ ಕಂಟ್ರೋಲ್ ಕೇಂದ್ರ, ಒಂದೊಂದಕ್ಕೂ ತಿಳಿಸಬೇಕು. ಫೋನ್ ಸತ್ತಿದ್ದರೆ ಒಬ್ಬ ಹುಡುಗನನ್ನು ಓಡಿಸಬೇಕು.

ಲಾಗ್ ಬರೆಯುವ ನಾವಿಕನನ್ನು ಮರೆಯಬೇಡಿ. ಗಂಟೆ, ನಿಮಿಷ, ಯಾರಿಂದ ಯಾರಿಗೆ, ಅಷ್ಟೇ ಒಂದು ಸಾಲು. ಆಮೇಲೆ ವಿಚಾರಣೆಯಲ್ಲಿ ಅಡ್ಮಿರಲ್‌ಗಳು ಕುಳಿತು ಓದುವುದು ಆ ಸಾಲನ್ನು. ನಿಮ್ಮ ಕತೆಯಲ್ಲಿ ಅವನು ಯಾರು?

ಕಡಲಕತೆ
ಇನ್ನೂ ಇಲ್ಲ. ಆ ಅಧ್ಯಾಯದಲ್ಲಿ ಹೊಸದಾಗಿ ಬಂದ ಒಬ್ಬ ಸೀಮನ್ ಇದ್ದಾನೆ, ಬಾಗಿಲ ಹತ್ತಿರ ನಿಂತಿರುತ್ತಾನೆ, ಹೆಸರೂ ಕೊಟ್ಟಿರಲಿಲ್ಲ. ಲಾಗ್ ಬರೆಯುವವನು ಗಾಯಗೊಂಡಿದ್ದರೆ ಪೆನ್ಸಿಲ್ ಅವನ ಕೈಗೆ ಬರಬಹುದಾ?

ಹಳೇಲಂಗರು
ಬರಬಹುದು. ಗಡಿಯಾರ ನೋಡಿ ಬರೆಯೋ ಅಂತ ಯಾರಾದರೂ ಒಬ್ಬರು ಅವನಿಗೆ ಕೂಗಿ ಹೇಳಲಿ, ಅಷ್ಟೇ.